‘ನೀ ನನಗ ಅಣ್ಣ ಇದ್ದಂಗ’ ಅಂದ್ರ ಏನ್ ಹೇಳಬೇಕು?

ನಮ್ಮ ಕಡೆ ‘ಅಣ್ಣ’ ಅನ್ನೋದು ಹಗುರ ಮಾತಲ್ರಿ. ಕಾಕಾನ ಮಗ ಅಣ್ಣ, ಮೌಶಿ ಮಗ ಅಣ್ಣ. ಸೋದರಮಾವನ ಮಗಗ, ಸೋದರತ್ತಿ ಮಗಗ ಮಾತ್ರ ಅಣ್ಣ ಅಂದ್ರ ಹಿರ್ಯಾರು ‘ಹಂಗ ಅನಬಾರ್ದವಾ’ ಅಂತ ತಿದ್ದತಿದ್ರು. ಯಾಕಂದ್ರ ಅಲ್ಲೆ ಕೊಟ್ಟು ತರೋ ಸಂಬಂಧ ಅದ. ಅಂದ್ರ ಅಣ್ಣ ಅಂದಮ್ಯಾಲೆ ಲಗ್ನದ ಮಾತಿಲ್ಲ ಅಂತ ಅರ್ಥ. ಹಿಂಗಾಗಿ ಒಬ್ಬಾಕಿ ಹುಡುಗಿ ಕೂಡಿ ಓದೋ ಹುಡುಗಗ ಹಂಗ ಅಂದ್ಲಂದ್ರ, ಸಿಟ್ಟಿಲ್ಲದ, ಅವಮಾನ ಮಾಡದ ‘ಬ್ಯಾಡ’ ಅಂದಂಗ. ನೂಲ ಹುಣ್ಣಿಮಿ ದಿವ್ಸ ರಾಖಿಗೆ ಅಂಜಿ ಕಾಲೇಜು ತಪ್ಪಸೋ ಹುಡುಗರಿಗೆ ಇದು ಛಲೋ ಗೊತ್ತದ.

ನಮ್ಮ ಅಕ್ಕನ ಮಗ ನಮ್ಮನ್ಯಾಗ ಇದ್ದು ಡಿಗ್ರಿ ಓದ್ಲಿಕ್ಕತ್ತಾನ. ಕ್ಲಾಸಿನ ಹುಡುಗಿ ಮ್ಯಾಲೆ ಒಂದು ವರ್ಷದಿಂದ ಮನಸ್ಸಿತ್ತು. ಆಕಿ ನೋಟ್ಸ್ ಬರದು ಕೊಡೋದು, ಬಸ್ ಸ್ಟ್ಯಾಂಡ್ ತನಕ ಹೋಗೋದು ಎಲ್ಲಾ ನಡದಿತ್ತು. ಕಡೀಕೆ ಒಂದಿನ ಬಾಯಿಬಿಟ್ಟು ಹೇಳಿದ. ರಾತ್ರಿ ಆಕಿ ಮೆಸೇಜು ಬಂತು: ‘ನೀ ಭಾಳ ಛಲೋ ಹುಡುಗ, ಆದ್ರ ನನಗ ನೀ ಅಣ್ಣ ಇದ್ದಂಗ.’ ನಾ ಚಪಾತಿ ಲಟ್ಟಸ್ತಿದ್ದೆ. ಅಂವ ಬಂದು ಫೋನ್ ಮುಂದ ಹಿಡದು, ‘ಮೌಶಿ, ಏನ್ ಬರೀಲಿ?’ ಅಂದ.

ಅಂವ ಮೊದ್ಲ ಬರದಿದ್ದು ಹಿಂಗಿತ್ತು: ‘ಅಯ್ಯ, ನಾನೂ ಸುಮ್ನ ಚ್ಯಾಷ್ಟಿ ಮಾಡಿದೆ, ನೀ ನನಗ ತಂಗಿನ.’ ಇದು ಬ್ಯಾಡ ಅಂದೆ. ಇದು ಮಾನ ಉಳಿಸ್ಕೊಳ್ಳೋ ಸುಳ್ಳು. ನಾಳೆ ಆಕಿ ನಂಬಿ ರಾಖಿ ತಂದ್ರ ಅಂವ ಕೈ ಮುಂದ ಮಾಡಬೇಕು, ಒಳಗ ಮಾತ್ರ ಆಸೆ ಇಟ್ಕೊಂಡಿರಬೇಕು.

ಎರಡನೇದು ಉದ್ದ ಪತ್ರನ ಆತು. ‘ನನ್ನಾಗ ಏನ್ ಕಡಿಮಿ ಅದ, ನಿನಗ ಎಷ್ಟು ಮಾಡೇನಿ’ ಅಂತ. ಅದನ್ನೂ ಅಳಸಿಸಿದೆ. ಕಾರಣ ಕೇಳಿದ್ರ ಆಕಿ ಏನರ ಒಂದು ಹೇಳ್ತಾಳ, ಇಂವ ಅದಕ್ಕ ಉತ್ತರ ಹುಡುಕ್ತಾನ. ಮನಸ್ಸು ಅನ್ನೋದು ವಾದದಾಗ ಗೆದ್ದು ತರೋದಲ್ಲ. ಮಾಡಿದ ಉಪಕಾರ ಲೆಕ್ಕ ತಗದ್ರಂತೂ ಅದು ಉಪಕಾರ ಅಲ್ಲ, ಉದ್ರಿ ಆಗ್ತದ.

ಕಡೀಕೆ ಇಷ್ಟ ಕಳಿಸಿದ: ‘ಖರೇ ಹೇಳಿದ್ದಕ್ಕ ಛಲೋ ಆತು. ನನಗ ನಿನ್ನ ಮ್ಯಾಲೆ ಇದ್ದದ್ದು ಬ್ಯಾರೆ ಮನಸ್ಸು, ಅದಕ್ಕ ಈಗ ಅಣ್ಣ ಅಂತ ಒಪ್ಕೊಳ್ಳಿಕ್ಕೆ ಆಗಂಗಿಲ್ಲ. ಸ್ವಲ್ಪ ದಿವ್ಸ ಮಾತು ಕಡಿಮಿ ಮಾಡ್ತೀನಿ, ಸಿಟ್ಟಲ್ಲ. ಮತ್ತ ಈ ಮಾತು ಎತ್ತಂಗಿಲ್ಲ.’ ನೋಡ್ರಿ, ಇದ್ರಾಗ ಆಕಿ ‘ಬ್ಯಾಡ’ ಅಂದಿದ್ದನ್ನ ತಗೊಂಡಂಗಾತು, ತನ್ನ ಖರೇ ಹೇಳ್ಕೊಂಡಂಗಾತು. ದೂರ ಯಾಕ ಆಗ್ತಾನ ಅಂತ ಆಕಿಗೂ ತಿಳೀತು. ಹೇಳದ ಕೇಳದ ಮಾರಿ ತಿರಗಿಸಿದ್ರ ಆಕಿ ತಾನ ಏನೋ ತಪ್ಪು ಮಾಡೇನಿ ಅಂತ ಕೊರಗ್ತಿದ್ಲು.

ಆದ್ರ ಮೆಸೇಜಿಗಿಂತ ಮುಂದಿನ ನಡತಿ ವಜ್ಜ. ನೋಟ್ಸ್ ಬರಿಯೋದು ಬಿಟ್ಟ. ಕ್ಲಾಸಿನಾಗ ಎದುರಾದ್ರ ಎಲ್ಲಾರ ಜೋಡಿ ಮಾತಾಡಿದಂಗ ಎರಡು ಮಾತು. ದೋಸ್ತರನ್ನ ರಾಯಭಾರಕ್ಕ ಕಳಸಲಿಲ್ಲ, ದುಃಖದ ಸ್ಟೇಟಸ್ ಹಾಕಲಿಲ್ಲ. ಹಾಕಿದ್ರ ಅದು ಇಡೀ ಕ್ಲಾಸಿನ ಮುಂದ ಆಕಿ ಮ್ಯಾಲೆ ತಪ್ಪು ಹೊರಿಸಿದಂಗನ.

ಇನ್ನೊಂದು ಮಾತು. ‘ಅಣ್ಣ ಅಂದಾಳಲ್ಲ’ ಅಂತ ಕೆಲವರು ಅದನ್ನ ಅಧಿಕಾರ ಮಾಡ್ಕೋತಾರ. ಯಾರ ಜೋಡಿ ನಿಂತಿದ್ದಿ, ಎಷ್ಟೊತ್ತಿಗೆ ಮನಿಗೆ ಹೋದಿ ಅಂತ ವಿಚಾರಸ್ತಾರ. ಅದು ಅಣ್ಣನ ಕಾಳಜಿ ಅಲ್ಲ, ವೇಷ ಬದಲಿಸಿದ ಹೊಟ್ಟಿಕಿಚ್ಚು. ಗೊತ್ತಾಗೋದು ಹೆಂಗಂದ್ರ, ಆಕಿ ಬ್ಯಾರೆ ಹುಡುಗನ ಹೆಸರು ತಗೊಂಡಾಗ ಎದಿ ಚುರ್ ಅಂದ್ರ, ಆಕಿ ಆನ್‌ಲೈನ್ ಇದ್ದಾಳೇನಂತ ದಿನಕ್ಕ ಹತ್ತು ಸಲ ನೋಡಿದ್ರ, ಇನ್ನೂ ದೋಸ್ತಿ ಮಾಡೋ ಹೊತ್ತಲ್ಲ. ಆಗ ಇನ್ನಷ್ಟು ದಿವ್ಸ ದೂರನ ಇರಬೇಕು. ಕೆಲವ್ರಿಗೆ ಆ ದೋಸ್ತಿ ತಿರುಗಿ ಬರಂಗನ ಇಲ್ಲ, ಬರದಿದ್ರೂ ಅದು ಮೋಸ ಅಲ್ಲ.

ಹುಡುಗ ಬಾಯಿಬಿಡೋಕ ಮೊದ್ಲ ಆಕಿನ ‘ಅಣ್ಣ’ ಅಂದ್ರ? ಆವಾಗ ಎಲ್ಲಾ ಬಿಚ್ಚಿ ಹೇಳಬೇಕಂತಿಲ್ಲ. ‘ಆತು, ತಿಳೀತು’ ಅಂದು ತಾನ ಸ್ವಲ್ಪ ಹಿಂದ ಸರದ್ರ ಸಾಕು. ಸುಳ್ಳ ತಂಗಿ ಅನಬಾರ್ದು, ಅಷ್ಟ.

ನಮ್ಮ ಹುಡುಗ ಎರಡು ತಿಂಗಳು ಊಟದಾಗ ಮೆತ್ತಗಿದ್ದ. ನಾನೂ ಕೆದಕಲಿಲ್ಲ, ಅವರವ್ವಗೂ ಹೇಳಲಿಲ್ಲ. ಈ ಸಲ ನೂಲ ಹುಣ್ಣಿಮಿಗೆ ಕಾಲೇಜಿಗೆ ಹೋಗಿದ್ದ. ಆಕಿ ರಾಖಿ ತರ್ಲಿಲ್ಲಂತ, ಇಂವ ಕೇಳಲಿಲ್ಲಂತ. ಇಬ್ಬರೂ ಕ್ಯಾಂಟೀನಿನಾಗ ಎಲ್ಲಾರ ಜೋಡಿ ಕೂತು ಚಹಾ ಕುಡದ್ರಂತ. ನಿಮ್ಮ ಮನ್ಯಾಗೂ ಇಂಥ ವಯಸ್ಸಿನ ಹುಡುಗರಿದ್ರ, ಅವರು ಫೋನ್ ಹಿಡಕೊಂಡು ಅಡಗಿಮನಿಗೆ ಬಂದಾಗ ನಗಬ್ಯಾಡ್ರಿ. ಲಟ್ಟಣಗಿ ಬಾಜೂಕ ಇಟ್ಟು ಮೊದ್ಲ ಓದ್ರಿ.