ಬಿಲ್ ಇದ್ದರೆ ಸಾಲದು

ಪುಣೆಯ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ನನ್ನ ಕೆಲಸ. ಪ್ರವಾಸ ಹೋಗಿ ಬಂದವರ ಖರ್ಚಿನ ಕ್ಲೇಮ್‌ಗಳು ನನ್ನ ಮೇಜಿಗೆ ಬರುತ್ತವೆ. ಅವುಗಳಲ್ಲಿ ಸುಳ್ಳು ಲೆಕ್ಕ ಅಪರೂಪ. ಆದರೂ ಎಷ್ಟೋ ಕ್ಲೇಮ್ ವಾಪಸ್ ಹೋಗುತ್ತವೆ. ಕಾರಣ ಒಂದೇ: ಕಳಿಸಿದವರಿಗೆ ತಮ್ಮ ಪ್ರವಾಸ ಗೊತ್ತು, ಓದುವವನಿಗೆ ಗೊತ್ತಿಲ್ಲ.

ಕಳೆದ ವರ್ಷ ನಮ್ಮ ಆಫೀಸಿನ ಗದಗದ ಹುಡುಗನೊಬ್ಬ ಹುಬ್ಬಳ್ಳಿಗೆ ಮೂರು ದಿನದ ಕೆಲಸಕ್ಕೆ ಹೋಗಿ ಬಂದ. ‘ಬಿಲ್‌ಗಳನ್ನು ಲಗತ್ತಿಸಿದೆ, ಒಟ್ಟು ರೂ. 11,140, ದಯವಿಟ್ಟು ಪಾವತಿಸಿ’ ಎಂದು ಒಂದೇ ಸಾಲಿನ ಮೇಲ್ ಹಾಕಿದ. ಜೊತೆಗೆ ಮೊಬೈಲಿನಲ್ಲಿ ತೆಗೆದ ಹದಿನಾಲ್ಕು ಫೋಟೋ. ಅದು ವಾಪಸ್ ಹೋಯಿತು. ರೂಮ್ ಬಾಡಿಗೆ ಕಟ್ಟಬೇಕಾದ ದುಡ್ಡು ಅದರಲ್ಲಿ ಸಿಕ್ಕಿಹಾಕಿಕೊಂಡಿತ್ತು. ಮುಖ ಸಣ್ಣದು ಮಾಡಿಕೊಂಡು ಬಂದ.

“ಸರ, ಎಲ್ಲಾ ಬಿಲ್ ಹಚ್ಚೀನಲ್ರೀ, ಮತ್ಯಾಕ ವಾಪಸ್ ಬಂತು?”

“ಬಿಲ್ ಅದಾವಪ್ಪಾ. ಯಾವ ಬಿಲ್ ಯಾವ ಖರ್ಚಿಂದು, ಯಾವ ನಿಯಮಕ್ಕ ಬರ್ತದ ಅಂತ ಬರದಿಲ್ಲಲ್ಲ.”

ಇಬ್ಬರೂ ಕೂತು ಬಿಡಿಸಿದೆವು. ಹೋಗುವ ಬಸ್ಸು 1,150, ಬರುವುದು 1,250. ಊಟ ಮೂರು ದಿನಕ್ಕೆ 540, 620, 380. ಆಟೋ ನಾಲ್ಕು ಸಲ, 480. ಹೋಟೆಲ್ ಎರಡು ರಾತ್ರಿ, ರಾತ್ರಿಗೆ 3,200ರಂತೆ 6,400, ಶೇಕಡಾ 5 ತೆರಿಗೆ 320 ಸೇರಿ 6,720. ತೊಡಕು ಇದ್ದದ್ದು ಇಲ್ಲಿ. ನಮ್ಮ ಪ್ರವಾಸ ನಿಯಮದ ಪ್ರಕಾರ ಹುಬ್ಬಳ್ಳಿಯಂಥ ಊರಿನಲ್ಲಿ ರೂಮಿನ ಮಿತಿ ರಾತ್ರಿಗೆ 3,000, ತೆರಿಗೆ ಬೇರೆ. ಅಂದರೆ ಸಿಗುವುದು 6,000 ಮತ್ತು ತೆರಿಗೆ 300. ಉಳಿದ 420 ಅವನದೇ.

ಈ 420ನ್ನು ಅವನೇ ಕಳೆದು ತೋರಿಸಬೇಕಿತ್ತು. ಒಂದು ಸಾಲು ಮಿತಿ ಮೀರಿದ್ದರೆ ಅಷ್ಟನ್ನು ಮಾತ್ರ ಕತ್ತರಿಸಿ ಉಳಿದದ್ದನ್ನು ಪಾಸ್ ಮಾಡುವ ಅಧಿಕಾರ ನಮ್ಮಲ್ಲಿ ಗುಮಾಸ್ತನಿಗಿಲ್ಲ. ಇಡೀ ಕ್ಲೇಮ್ ನಿಲ್ಲುತ್ತದೆ. ಮದುವೆ ಸೀಸನ್ನಿನಲ್ಲಿ ಕಡಿಮೆ ದರದ ರೂಮ್ ಸಿಗಲಿಲ್ಲ ಎಂಬಂಥ ಕಾರಣವಿದ್ದರೆ ಮೊದಲೇ ಮ್ಯಾನೇಜರ್ ಒಪ್ಪಿಗೆ ಪಡೆದು, ಆ ಮೇಲನ್ನೇ ಲಗತ್ತಿಸಬೇಕು. ಬಂದಮೇಲೆ ಹೇಳಿದ ಕಾರಣ ಲೆಕ್ಕಪರಿಶೋಧಕರ ಮುಂದೆ ನಿಲ್ಲುವುದಿಲ್ಲ.

ಎರಡನೆಯದು ರಸೀದಿ. ಹೋಟೆಲಿಗೆ ಅವನು ಇಟ್ಟದ್ದು ಯುಪಿಐ ಸ್ಕ್ರೀನ್‌ಶಾಟ್ ಮತ್ತು ಬುಕಿಂಗ್ ಆ್ಯಪಿನ ವೋಚರ್. ಸ್ಕ್ರೀನ್‌ಶಾಟ್ ದುಡ್ಡು ಹೋಯಿತೆಂದು ಹೇಳುತ್ತದೆ, ಯಾತಕ್ಕೆ ಹೋಯಿತೆಂದು ಹೇಳುವುದಿಲ್ಲ. ವೋಚರ್ ರೂಮ್ ಕಾದಿರಿಸಿದ್ದನ್ನು ಹೇಳುತ್ತದೆ, ಉಳಿದದ್ದನ್ನಲ್ಲ. ಬೇಕಾದದ್ದು ಹೋಟೆಲಿನ ತೆರಿಗೆ ಬಿಲ್: ಬಿಲ್ ಸಂಖ್ಯೆ, ತಂಗಿದ ದಿನಾಂಕ, ಹೋಟೆಲಿನ ಜಿಎಸ್‌ಟಿ ಸಂಖ್ಯೆ, ರೂಮಿನ ದರ ಮತ್ತು ತೆರಿಗೆ ಬೇರೆ ಬೇರೆ. ಫೋನ್ ಮಾಡಿ ತರಿಸಿಕೊಂಡ. ಊಟದ ಬಿಲ್ಲೊಂದು ಆಗಲೇ ಮಾಸಿತ್ತು. ಥರ್ಮಲ್ ಕಾಗದದ ಅಕ್ಷರ ಬಿಸಿಗೆ, ಬೆಳಕಿಗೆ ಅಳಿಸುತ್ತದೆ. ಅವತ್ತೇ ತೆಗೆದ ಫೋಟೋ ಇದ್ದದ್ದರಿಂದ ಬಚಾವಾದ. ಆಟೋದವರು ರಸೀದಿ ಕೊಡುವುದಿಲ್ಲವಲ್ಲ, ಅದಕ್ಕೆ ದಿನಾಂಕ, ಎಲ್ಲಿಂದ ಎಲ್ಲಿಗೆ, ಎಷ್ಟು ಎಂದು ಬರೆದು ಸಹಿ ಮಾಡಿದ ಹಾಳೆ ಸಾಕು. ನಮ್ಮ ನಿಯಮದಲ್ಲಿ ಅದಕ್ಕೆ ಅವಕಾಶವಿದೆ.

ಹೊಸ ಮೇಲ್ ಹೀಗಾಯಿತು. ವಿಷಯದ ಸಾಲಿನಲ್ಲೇ ‘ಖರ್ಚಿನ ಕ್ಲೇಮ್, ಹುಬ್ಬಳ್ಳಿ, ನವೆಂಬರ್ 9–11, ರೂ. 5,720’. ಮೊದಲ ವಾಕ್ಯದಲ್ಲಿ ಯಾವ ಕೆಲಸಕ್ಕೆ ಹೋದದ್ದು, ಯಾರ ಒಪ್ಪಿಗೆ. ಆಮೇಲೆ ಪಟ್ಟಿ: ಕ್ರಮಸಂಖ್ಯೆ, ದಿನಾಂಕ, ಖರ್ಚು, ಬಿಲ್ ಮೊತ್ತ, ಕೇಳುವ ಮೊತ್ತ, ನಿಯಮದ ಕಲಂ. ಹೋಟೆಲಿನ ಸಾಲಿನಲ್ಲಿ ಬಿಲ್ 6,720, ಕೇಳುವುದು 6,300, ಪಕ್ಕದಲ್ಲಿ ರೂಮಿನ ಮಿತಿಯ ಕಲಂ ಸಂಖ್ಯೆ. ಬರೀ ‘ನಿಯಮದ ಪ್ರಕಾರ’ ಎಂದರೆ ಓದುವವನು ಇಪ್ಪತ್ತು ಪುಟ ಹುಡುಕಬೇಕು. ಹುಡುಕುವ ಬದಲು ಬದಿಗಿಡುತ್ತಾನೆ. ಕಡತಗಳಿಗೂ ಪಟ್ಟಿಯ ಸಂಖ್ಯೆಯನ್ನೇ ಕೊಟ್ಟ: ಮೂರನೇ ಸಾಲಿನ ಹೋಟೆಲ್ ಬಿಲ್ಲಿಗೆ `03_Hotel_6720.pdf`. ಕೊನೆಗೆ ಲೆಕ್ಕ: ಕೇಳುವ ಒಟ್ಟು 10,720, ಮುಂಗಡ ಪಡೆದದ್ದು 5,000, ಬರಬೇಕಾದದ್ದು 5,720. ಮೊದಲ ಮೇಲಿನಲ್ಲಿ ಮುಂಗಡದ ಸುದ್ದಿಯೇ ಇರಲಿಲ್ಲ. ಮರೆತದ್ದಷ್ಟೇ, ಆದರೆ ಲೆಕ್ಕ ನೋಡುವವನ ಕಣ್ಣಿಗೆ ಅದು ಮುಚ್ಚಿಟ್ಟಂತೆ ಕಾಣುತ್ತದೆ.

ಹೊಸದಾಗಿ ಬರೆದರೂ ಅದನ್ನು ಹಳೇ ಮೇಲಿಗೇ ಉತ್ತರವಾಗಿ ಕಳಿಸಲು ಹೇಳಿದೆ. ಪ್ರವಾಸ ಮುಗಿದ ಮೂವತ್ತು ದಿನದೊಳಗೆ ಕ್ಲೇಮ್ ಬರಬೇಕೆಂಬುದು ನಮ್ಮ ನಿಯಮ, ಅಂದು ಮೂವತ್ತೆರಡನೇ ದಿನ. ಬೇರೆ ಮೇಲ್ ಆಗಿದ್ದರೆ ತಡವಾದ ಕ್ಲೇಮ್ ಅನ್ನಿಸಿಕೊಳ್ಳುತ್ತಿತ್ತು. ಹಳೇ ಮೇಲಿನ ಕೆಳಗೆ ಬಂದದ್ದರಿಂದ ಮೊದಲ ತಾರೀಖೇ ಲೆಕ್ಕಕ್ಕೆ ಬಂತು. ನಾಲ್ಕನೇ ದಿನ 5,720 ಅವನ ಖಾತೆಗೆ ಜಮಾ ಆಯಿತು.