ಏನನ್ನೂ ಬಿಟ್ಟು ಹೋಗಬಾರದ ಕೋಣೆ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಓದುತ್ತಿದ್ದ ವರ್ಷ, ಡಿಸೆಂಬರಿನಲ್ಲಿ ಅಜ್ಜಿ ತೀರಿಕೊಂಡಳು. ವಿಮಾನದ ಟಿಕೆಟ್ ದರ ಕೇಳಿ ಅಪ್ಪನೇ ‘ಬರಬ್ಯಾಡವ್ವ, ಪರೀಕ್ಷೆ ಮುಗಸು’ ಅಂದ. ಮಣ್ಣು ಮಾಡಿದ್ದನ್ನು ಫೋನಿನಲ್ಲಿ ನೋಡಿದೆ. ಊರಲ್ಲಿ ಮಧ್ಯಾಹ್ನ ಮೂರೂವರೆ, ನನಗೆ ಬೆಳಿಗ್ಗೆ ಹತ್ತು. ಲಿಂಗಾಯತರಾದ ನಮ್ಮಲ್ಲಿ ಹೆಣ ಸುಡುವುದಿಲ್ಲ. ಕುಳಿತ ಭಂಗಿಯಲ್ಲಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಹೂಳುತ್ತಾರೆ. ಅಜ್ಜಿಯ ಕೈ ಕಾಣುವ ಹೊತ್ತಿಗೆ ನೆಟ್‌ವರ್ಕ್ ಹೋಯಿತು.

ಅವತ್ತು ಲಿಂಗಪೂಜೆಗೆ ಕೂರಬೇಕು ಅನ್ನಿಸಿತು. ಹಾಸ್ಟೆಲಿನ ಕೋಣೆಯಲ್ಲಿ ಜೊತೆಯವಳು ರಾತ್ರಿ ಪಾಳಿ ಮುಗಿಸಿ ಮಲಗಿದ್ದಳು. ಊದುಬತ್ತಿ ಹಚ್ಚುವಂತಿರಲಿಲ್ಲ, ಹೊಗೆ ಪತ್ತೆಯಾದರೆ ಅಲಾರಾಂ ಹೊಡೆದು ಇಡೀ ಕಟ್ಟಡ ಹೊರಗೆ ಬರಬೇಕು. ಲೈಬ್ರರಿಯ ಕಾವಲುಗಾರರೊಬ್ಬರನ್ನು ‘ಒಂದು ತಾಸು ಸುಮ್ಮನೆ ಕೂರಲು ಜಾಗ ಇದೆಯೇ’ ಎಂದು ಕೇಳಿದೆ. ನೆಲಮಾಳಿಗೆಯ ಬಾಗಿಲೊಂದನ್ನು ತೋರಿಸಿದರು.

ಒಳಗೆ ದೇವರಿರಲಿಲ್ಲ. ಶಿಲುಬೆ, ಪಟ, ಪೀಠ ಯಾವುದೂ ಇಲ್ಲ. ಬೂದು ಬಣ್ಣದ ಜಮಖಾನೆ, ಬಾಗಿಲ ಬಳಿ ಚಪ್ಪಲಿ ಇಡುವ ಗೂಡು, ಚಾವಣಿಯ ಮೂಲೆಯಲ್ಲಿ ಒಂದು ಬಾಣದ ಗುರುತು. ಗೋಡೆಯುದ್ದಕ್ಕೂ ಬೀರು, ಅದರ ಒಂದೊಂದು ಖಾನೆಯಲ್ಲಿ ಒಬ್ಬೊಬ್ಬರ ವಸ್ತು. ಬೈಬಲ್, ನಮಾಜಿನ ಚಾಪೆ, ಧ್ಯಾನದ ದಿಂಬು, ತಲೆಗೆ ಕಟ್ಟುವ ಬಟ್ಟೆ. ತೆಗೆದುಕೋ, ಬಳಸು, ವಾಪಸು ಇಡು. ಬೆಂಕಿ ಹಚ್ಚುವಂತಿಲ್ಲ. ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ಬೇರೆ ನಿಯಮಗಳೇ ಇರಲಿಲ್ಲ.

ಇಷ್ಟಲಿಂಗಕ್ಕೆ ಇಂಥ ಕೋಣೆ ಸಾಕು. ಗುಡಿ ಬೇಡ, ದಿಕ್ಕೂ ಬೇಡ. ಹಣೆಗೆ ವಿಭೂತಿ ಹಚ್ಚಿಕೊಂಡು, ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡೆ. ಬಾಟಲಿ ಮುಚ್ಚಳದಿಂದ ನಾಲ್ಕು ಹನಿ ಮಜ್ಜನ. ಪತ್ರಿ ಸಿಕ್ಕಿರಲಿಲ್ಲ, ಸೂಪರ್‌ಮಾರ್ಕೆಟ್ಟಿನ ಸೇವಂತಿಗೆ ಎಸಳು ಏರಿಸಿದೆ. ಆಮೇಲೆ ಕಣ್ಣು ಮಿಟುಕಿಸದೆ ನೋಡುತ್ತ ಕುಳಿತೆ. ಅಳು ಬಂದದ್ದು ಆಗ, ಮಣ್ಣು ಮಾಡುವಾಗ ಅಲ್ಲ.

ಹಿಂದೆ ಯಾರೋ ಬಂದದ್ದು ಗೊತ್ತಾಗಲಿಲ್ಲ. ಬಾಂಗ್ಲಾದೇಶದ ಹುಡುಗಿ ಚಾಪೆ ಹಾಸಿ, ಚಾವಣಿಯ ಬಾಣ ನೋಡಿ ಓರೆಯಾಗಿ ನಿಂತಳು. ನಮ್ಮೂರ ಮಸೀದಿಯಲ್ಲಿ ಪಡುವಣಕ್ಕೆ ಮುಖ ಮಾಡುವುದನ್ನು ನೋಡಿದ್ದ ನನಗೆ ವಿಚಿತ್ರವೆನಿಸಿತು. ಇಂಗ್ಲೆಂಡಿನಿಂದ ಮೆಕ್ಕಾ ಇರುವುದು ಆಗ್ನೇಯಕ್ಕೆ. ನಮಾಜು ಮುಗಿಸಿ, ‘ನಿನ್ನದು ಯಾವ ದಿಕ್ಕು?’ ಎಂದು ಕೇಳಿದಳು. ಅಂಗೈ ತೋರಿಸಿದೆ.

ಮುಂದಿನ ವಾರಗಳಲ್ಲಿ ಆ ಕೋಣೆಯ ಕಷ್ಟಗಳನ್ನು ತಿಳಿಸಿಕೊಟ್ಟವಳೂ ಅವಳೇ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಯೊಳಗೇ ಸೂರ್ಯ ಮುಳುಗುತ್ತದೆ. ಹಾಗಾಗಿ ಮಧ್ಯಾಹ್ನದ, ಇಳಿಹೊತ್ತಿನ, ಮುಸ್ಸಂಜೆಯ ಮೂರೂ ನಮಾಜುಗಳು ಸುಮಾರು ನಾಲ್ಕು ತಾಸಿನೊಳಗೆ ಬರುತ್ತವೆ, ಅದೂ ಸರಿಯಾಗಿ ತರಗತಿಗಳ ನಡುವೆ. ಬೇಸಿಗೆಯಲ್ಲಿ ಖಾಲಿ ಬೀಳುವ ಕೋಣೆ ಚಳಿಗಾಲದಲ್ಲಿ ತುಂಬುತ್ತದೆ. ವಜೂಗೆ ಕಾಲು ತೊಳೆಯಲು ಶೌಚಾಲಯದ ಎತ್ತರದ ಬೇಸಿನ್ ಒಂದೇ. ನೆಲವೆಲ್ಲ ಒದ್ದೆ, ಸ್ವಚ್ಛತೆಯವರ ಗೊಣಗಾಟ. ಜಗಳ ಶುರುವಾಗುವುದು ದೇವರಿಂದಲ್ಲ, ಇಂಥ ನೀರಿನಿಂದ.

ಮತ್ತು ಪರದೆಯಿಂದ. ಹೆಂಗಸರ ನಮಾಜಿಗೆಂದು ಮಡಚುವ ಪರದೆಯೊಂದಿತ್ತು. ಜನವರಿಯಲ್ಲಿ ಅದು ದಿನವಿಡೀ ನಿಂತೇ ಇರತೊಡಗಿತು, ಆ ಕಡೆಯ ಜಾಗ ಕಿರಿದು. ಧ್ಯಾನಕ್ಕೆ ಬರುತ್ತಿದ್ದ ಇಬ್ಬರು ಬರುವುದನ್ನು ನಿಲ್ಲಿಸಿದರು. ಬಾಂಗ್ಲಾ ಗೆಳತಿ ನನ್ನೆದುರೇ ಅದನ್ನು ಮಡಚಿ ಬೀರುವಿನ ಹಿಂದೆ ಇಟ್ಟಳು. ‘ಹೀಗೇ ಬಿಟ್ಟರೆ ಬೀಗ ಬೀಳುತ್ತದೆ. ಆಮೇಲೆ ನಾವು ಮೆಟ್ಟಿಲ ಕೆಳಗೆ ನಮಾಜು ಮಾಡಬೇಕು’ ಎಂದಳು.

ಅದು ಬರೀ ಭಯವಾಗಿರಲಿಲ್ಲ. ಜರ್ಮನಿಯ ಡಾರ್ಟ್‌ಮುಂಡ್ ತಾಂತ್ರಿಕ ವಿಶ್ವವಿದ್ಯಾಲಯ ಎಲ್ಲ ಧರ್ಮದವರಿಗೆ, ಧರ್ಮವಿಲ್ಲದವರಿಗೂ ತೆರೆದಿದ್ದ ‘ಮೌನದ ಕೋಣೆ’ಯನ್ನು 2016ರ ಆರಂಭದಲ್ಲಿ ಮುಚ್ಚಿತು. ಅಲ್ಲಿಯೂ ಕೋಣೆಯನ್ನು ಗಂಡಸರಿಗೆ, ಹೆಂಗಸರಿಗೆ ಎಂದು ವಿಭಾಗಿಸಲಾಗಿತ್ತು, ಚಾಪೆ, ಕುರಾನ್ ಪ್ರತಿಗಳು ಅಲ್ಲೇ ಉಳಿದಿದ್ದವು, ದೂರು ಬಂತು. ಮುಸ್ಲಿಂ ವಿದ್ಯಾರ್ಥಿಗಳು ಇದು ಅನ್ಯಾಯವೆಂದರು, ಆಡಳಿತ ಸಮಾನತೆಯ ಮಾತಾಡಿತು. ಎರಡಕ್ಕೂ ಕಾರಣಗಳಿದ್ದವು. ಆದರೆ ಬೀಗ ಬಿದ್ದ ಮೇಲೆ ತಂಟೆ ಮಾಡದೆ ಮೂಲೆಯಲ್ಲಿ ಕೂರುತ್ತಿದ್ದವನೂ ಹೊರಗೇ.

ನಮ್ಮಲ್ಲಿ ಐದಾರು ಮಂದಿ ಕೂತು ವೇಳಾಪಟ್ಟಿ ಬರೆದೆವು. ಪರದೆ ಬಿಚ್ಚಿದವರೇ ಮಡಚಬೇಕು. ಶುಕ್ರವಾರದ ನಮಾಜಿಗೆ ಮೇಲಿನ ದೊಡ್ಡ ಹಾಲ್ ಕೇಳಬೇಕು. ಬೇಸಿನ್‌ಗೆ ಒರೆಸುವ ಕೋಲು ಇಡಬೇಕು. ಧ್ಯಾನದವರಿಗೆ ಬೆಳಿಗ್ಗೆ ಎಂಟು. ನನ್ನನ್ನೂ ಅವರ ಜೊತೆ ಸೇರಿಸಿದರು, ಲಿಂಗಾಯತರಿಗೆಂದು ಪಟ್ಟಿಯಲ್ಲಿ ಸಾಲು ಇರಲಿಲ್ಲ.

ಸೂರ್ಯ ಮುಳುಗುವುದು ತಡವಾದಂತೆ ಪಟ್ಟಿಯನ್ನು ಎರಡು ಸಲ ತಿದ್ದಿದೆವು. ಸೆಮಿಸ್ಟರ್ ಮುಗಿಯುವವರೆಗೂ ನಾನು ಎಂಟಕ್ಕೆ ಹೋಗಿ ಕೂರುತ್ತಿದ್ದೆ. ಏಳುವಾಗ ಜಮಖಾನೆಯ ಮೇಲೆ ಬಿದ್ದ ಸೇವಂತಿಗೆ ಎಸಳುಗಳನ್ನು ಆರಿಸಿ ಕೋಟಿನ ಜೇಬಿಗೆ ಹಾಕಿಕೊಳ್ಳುತ್ತಿದ್ದೆ.