ಮೊದಲು ಆ ಮೂರನೇ ಸಾಲು

ಟೂ-ವೇ ಅನೋವಾದ ಕೋಷ್ಟಕ ಪರದೆಯ ಮೇಲೆ ಮೂಡಿದಾಗ ನನಗೆ ಆಗುವ ಖುಷಿಯೇ ಬೇರೆ. ನಾಲ್ಕೇ ಸಾಲು. ಮೇಲಿನ ಎರಡು ಮುಖ್ಯ ಪರಿಣಾಮಗಳದ್ದು, ಮೂರನೆಯದು ಇಂಟರಾಕ್ಷನ್‌ನದ್ದು, ಕೊನೆಯದು ಲೆಕ್ಕಕ್ಕೆ ಸಿಗದೆ ಉಳಿದ ಏರುಪೇರಿನದ್ದು. ಮೇಲಿನಿಂದ ಕೆಳಗೆ ಓದುವ ಅಭ್ಯಾಸ ನಮಗೆಲ್ಲ ಇದೆ. ಸಾಫ್ಟ್‌ವೇರ್ ಕೂಡ ಮುಖ್ಯ ಪರಿಣಾಮಗಳನ್ನೇ ಮೇಲೆ ಕೂರಿಸುತ್ತದೆ. ನಾನು ಮಾತ್ರ ಮೊದಲು ಮೂರನೇ ಸಾಲಿಗೆ ಹೋಗುತ್ತೇನೆ. ಮೇಲಿನ ಎರಡು ಸಾಲುಗಳ ಬಗ್ಗೆ ಯಾವ ಮಾತು ಆಡಬಹುದು, ಯಾವುದು ಆಡಬಾರದು ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ.

ಇದನ್ನು ವಿದ್ಯಾರ್ಥಿಗಳಿಗೆ ತೋರಿಸಲು ನಾನು ಮತ್ತೆ ಮತ್ತೆ ತೆರೆಯುವುದು ಆರ್ ಸಾಫ್ಟ್‌ವೇರ್ ಜೊತೆಗೇ ಬರುವ `ToothGrowth` ಎಂಬ ದತ್ತಾಂಶವನ್ನು. ಕ್ರ್ಯಾಂಪ್ಟನ್ ಎಂಬ ವಿಜ್ಞಾನಿ 1947ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಗಿನಿಪಿಗ್‌ಗಳಿಗೆ ನಮ್ಮ ಹಾಗೆಯೇ ದೇಹದಲ್ಲಿ ವಿಟಮಿನ್ ಸಿ ತಯಾರಿಸಿಕೊಳ್ಳಲು ಬರುವುದಿಲ್ಲ, ತಿಂದದ್ದರಿಂದಲೇ ಸಿಗಬೇಕು. ಅದು ಎಷ್ಟು ಸಿಕ್ಕಿದೆ ಎಂಬುದು ಹಲ್ಲನ್ನು ಬೆಳೆಸುವ ಜೀವಕೋಶಗಳ ಉದ್ದದಲ್ಲಿ ಕಾಣುತ್ತದೆ. 60 ಪ್ರಾಣಿಗಳು, ಅರ್ಧಕ್ಕೆ ಕಿತ್ತಳೆ ರಸ, ಇನ್ನರ್ಧಕ್ಕೆ ಶುದ್ಧ ಆಸ್ಕಾರ್ಬಿಕ್ ಆಮ್ಲ. ದಿನಕ್ಕೆ 0.5, 1 ಅಥವಾ 2 ಮಿಲಿಗ್ರಾಂ. ಹೀಗೆ ಆರು ಗುಂಪು, ಪ್ರತಿ ಗುಂಪಿನಲ್ಲಿ 10 ಪ್ರಾಣಿ. ಒಂದು ಕಾಲಕ್ಕೆ ಆರ್‌ನ ಸಹಾಯ ಪುಟದ ವಿವರಣೆ ಓದಿದರೆ ಒಟ್ಟು ಹತ್ತೇ ಪ್ರಾಣಿಗಳನ್ನು ಮತ್ತೆ ಮತ್ತೆ ಅಳೆದರೇನೋ ಅನ್ನಿಸುತ್ತಿತ್ತು. ಹಾಗಿದ್ದಿದ್ದರೆ ಈ ಅನೋವಾ ಸಲ್ಲುತ್ತಿರಲಿಲ್ಲ. ಒಂದು ಪ್ರಾಣಿಯಿಂದ ಒಂದೇ ಅಳತೆ ಬಂದಿದೆ ಎಂಬುದನ್ನು ಖಚಿತ ಮಾಡಿಕೊಂಡೇ ಮುಂದೆ ಹೋಗಬೇಕು.

```
ToothGrowth$dose <- factor(ToothGrowth$dose)
fit <- aov(len ~ supp * dose, data = ToothGrowth)
summary(fit)
```

ಮೊದಲ ಸಾಲನ್ನು ಬಿಟ್ಟರೂ ಆರ್ ತಕರಾರು ಮಾಡುವುದಿಲ್ಲ. ಪ್ರಮಾಣವನ್ನು ಮೂರು ಗುಂಪು ಎಂದು ನೋಡುವ ಬದಲು ಬರೀ ಸಂಖ್ಯೆ ಎಂದುಕೊಂಡು ಅದರ ಮೂಲಕ ಒಂದು ನೇರ ಗೆರೆ ಎಳೆದುಬಿಡುತ್ತದೆ. ಆಗಲೂ ಇಂಟರಾಕ್ಷನ್ ಸಾಲಿನಲ್ಲಿ ನಕ್ಷತ್ರ ಬರುತ್ತದೆ, ಪಿ ಮೌಲ್ಯ 0.025 ಅನ್ನುತ್ತದೆ. ನೋಡಿದರೆ ಎಲ್ಲ ಸರಿಯಾಗಿಯೇ ಇದೆ ಅನ್ನಿಸುತ್ತದೆ. ಗುಟ್ಟು ಬಯಲಾಗುವುದು `Df` ಕಾಲಮ್‌ನಲ್ಲಿ: ಮೂರು ಮಟ್ಟಗಳಿದ್ದರೆ ಅಲ್ಲಿ 2 ಇರಬೇಕು, ತಪ್ಪಿದ್ದರೆ 1 ಇರುತ್ತದೆ. ಆದ್ದರಿಂದ ನಕ್ಷತ್ರಕ್ಕಿಂತ ಮುಂಚೆ ಆ ಕಾಲಮ್ ನೋಡುವುದು ಒಳ್ಳೆಯದು. ಸರಿಯಾಗಿ ಮಾಡಿದಾಗ ಬರುವುದು ಇದು:

```
            Df Sum Sq Mean Sq F value   Pr(>F)
supp         1  205.4   205.4  15.572 0.000231
dose         2 2426.4  1213.2  92.000  < 2e-16
supp:dose    2  108.3    54.2   4.107 0.021860
Residuals   54  712.1    13.2
```

ಒಬ್ಬ ವಿದ್ಯಾರ್ಥಿನಿ ಇದನ್ನು ಹಿಡಿದುಕೊಂಡು ಬಂದು, "ಮೇಡಂ, ಕಿತ್ತಳೆ ರಸವೇ ಮೇಲು ಅಂತ ಬರೆದುಬಿಡ್ಲಾ? ಮೊದಲ ಸಾಲಲ್ಲೇ ಇದೆಯಲ್ಲ" ಎಂದಳು. ಪ್ರಶ್ನೆ ಸಹಜವಾದದ್ದೇ. "ಮೊದಲು ಆರು ಸರಾಸರಿ ಬರಿಯಮ್ಮ, ಆಮೇಲೆ ಮಾತಾಡೋಣ" ಎಂದೆ. ಬರೆದಳು. ಕಿತ್ತಳೆ ರಸ ಕುಡಿದವಕ್ಕೆ 13.23, 22.70, 26.06. ಆಮ್ಲ ಕುಡಿದವಕ್ಕೆ 7.98, 16.77, 26.14. ಪ್ರತಿ ಪ್ರಮಾಣದಲ್ಲಿ ಒಂದರಿಂದ ಇನ್ನೊಂದನ್ನು ಕಳೆಯಲು ಹೇಳಿದೆ: 5.25, 5.93, ಮತ್ತು −0.08. ಮೂರನೆಯದನ್ನು ಬರೆಯುವಾಗಲೇ ಅವಳ ಪೆನ್ನು ನಿಂತಿತು.

ಕಿತ್ತಳೆಯ ಒಟ್ಟು ಸರಾಸರಿ 20.66, ಆಮ್ಲದ್ದು 16.96, ವ್ಯತ್ಯಾಸ 3.70. ಕೋಷ್ಟಕದ ಮೊದಲ ಸಾಲು ಹೇಳುವುದು ಈ 3.70ರ ಬಗ್ಗೆ. ಇದು ಮೂರು ವ್ಯತ್ಯಾಸಗಳ ಸರಾಸರಿಯಷ್ಟೆ. ಈ ಪ್ರಯೋಗದಲ್ಲಿ ಯಾವ ಪ್ರಮಾಣದಲ್ಲೂ 3.70ರ ಆಸುಪಾಸಿನ ವ್ಯತ್ಯಾಸ ಕಂಡಿಲ್ಲ. ಎರಡು ಕಡೆ ಅದಕ್ಕಿಂತ ಸಾಕಷ್ಟು ಹೆಚ್ಚು, ಒಂದು ಕಡೆ ಏನೂ ಇಲ್ಲ. ಲೆಕ್ಕ ಸುಳ್ಳಲ್ಲ, ಪಿ ಮೌಲ್ಯವೂ ಸುಳ್ಳಲ್ಲ. ಆದರೆ "ಕಿತ್ತಳೆ ರಸ ಮೇಲು" ಎಂಬ ವಾಕ್ಯ ದಿನಕ್ಕೆ 2 ಮಿಲಿಗ್ರಾಂ ಪಡೆದ ಪ್ರಾಣಿಗಳಿಗೆ ಹೊಂದುವುದಿಲ್ಲ.

ಈ ಮೂರು ವ್ಯತ್ಯಾಸಗಳಿಂದಲೇ ಇಂಟರಾಕ್ಷನ್ ಸಾಲನ್ನು ಕೈಯಾರೆ ಕಟ್ಟಿಬಿಡಬಹುದು. ಅದನ್ನು ಮಾಡಿ ತೋರಿಸುವುದು ನನಗೆ ಬಹಳ ಇಷ್ಟ. ಮೂರೂ ವ್ಯತ್ಯಾಸ ಒಂದೇ ಆಗಿದ್ದರೆ ಇಂಟರಾಕ್ಷನ್ ಸೊನ್ನೆ. ಹಾಗಾಗಿ ಅವು ತಮ್ಮ ಸರಾಸರಿ 3.70ರಿಂದ ಎಷ್ಟು ದೂರ ಸರಿದಿವೆ ಎಂದು ನೋಡಬೇಕು: 1.55, 2.23, −3.78. ವರ್ಗ ಮಾಡಿ ಕೂಡಿದರೆ ಸುಮಾರು 21.66. ಗುಂಪಿಗೆ ಹತ್ತು ಪ್ರಾಣಿ, ಆದ್ದರಿಂದ ಹತ್ತರಿಂದ ಗುಣಿಸಿ. ಪ್ರತಿ ವ್ಯತ್ಯಾಸದಲ್ಲಿ ಎರಡು ಸರಾಸರಿ ಸೇರಿವೆ, ಆದ್ದರಿಂದ ಎರಡರಿಂದ ಭಾಗಿಸಿ. 108.3 ಬಂತು! ಕೋಷ್ಟಕದ ಮೂರನೇ ಸಾಲಿನಲ್ಲಿರುವ ಅದೇ ಸಂಖ್ಯೆ. ವ್ಯತ್ಯಾಸಗಳ ನಡುವಿನ ವ್ಯತ್ಯಾಸವೇ ಇಂಟರಾಕ್ಷನ್ ಎಂದು ಎಷ್ಟು ಸಲ ಹೇಳಿದರೂ ಮನಸ್ಸಿಗೆ ಹತ್ತದ್ದು ಈ ಒಂದು ಗುಣಾಕಾರದಿಂದ ಹತ್ತುತ್ತದೆ. ಆ 108.3ರಲ್ಲಿ ಸುಮಾರು ಮೂರನೇ ಎರಡು ಪಾಲು ಬಂದದ್ದು 2 ಮಿಲಿಗ್ರಾಂನ ಆ ಒಂದೇ ಜಾಗದಿಂದ ಎಂಬುದೂ ಇದೇ ಲೆಕ್ಕದಲ್ಲಿ ಕಾಣುತ್ತದೆ. ಕೋಷ್ಟಕ ಅದನ್ನು ಹೇಳುವುದಿಲ್ಲ.

ಹೇಳುವುದು ಚಿತ್ರ. ಅಡ್ಡ ಅಕ್ಷದಲ್ಲಿ ಸಮ ಅಂತರಕ್ಕೆ ಇಟ್ಟ ಪ್ರಮಾಣ, ಲಂಬ ಅಕ್ಷದಲ್ಲಿ ಉದ್ದ, ಕೊಟ್ಟ ಬಗೆಗೊಂದರಂತೆ ಎರಡು ಗೆರೆ. ಆರಂಭದಲ್ಲಿ ಕಿತ್ತಳೆಯ ಗೆರೆ ಮೇಲಿದೆ. ಎರಡೂ ಹೆಚ್ಚುಕಡಿಮೆ ಸಮಾನಾಂತರವಾಗಿ 1 ಮಿಲಿಗ್ರಾಂವರೆಗೆ ಏರುತ್ತವೆ. ಅಲ್ಲಿಂದ ಮುಂದೆ ಕಿತ್ತಳೆಯ ಗೆರೆ ಬಾಗುತ್ತದೆ, ಆಮ್ಲದ್ದು ಅದೇ ಕಡಿದಾದ ಏರಿನಲ್ಲಿ ಹೋಗಿ 26ರ ಹತ್ತಿರ ಅದನ್ನು ಮುಟ್ಟುತ್ತದೆ. `with(ToothGrowth, interaction.plot(dose, supp, len))` ಎಂಬ ಒಂದು ಸಾಲಿಗೆ ಇಷ್ಟು ಸಿಗುತ್ತದೆ, ಆದರೆ ವರದಿಗೆ ಅಷ್ಟು ಸಾಲದು. ಅದು ಬರೀ ಸರಾಸರಿಗಳನ್ನು ಜೋಡಿಸುತ್ತದೆ, ಪ್ರಾಣಿಗಳನ್ನು ತೋರಿಸುವುದಿಲ್ಲ. ನಾನು 60 ಚುಕ್ಕಿಗಳನ್ನೂ ಮಸುಕಾಗಿ ಹಿಂದೆ ಇಡುತ್ತೇನೆ, ಪ್ರತಿ ಸರಾಸರಿಗೂ ಶೇ. 95ರ ವಿಶ್ವಾಸ ಮಿತಿಯ ಕಡ್ಡಿ ಹಾಕುತ್ತೇನೆ, ಕಡ್ಡಿಗಳು ಒಂದರ ಮೇಲೊಂದು ಬೀಳದಂತೆ ಗೆರೆಗಳನ್ನು ತುಸು ಪಕ್ಕಕ್ಕೆ ಸರಿಸುತ್ತೇನೆ. ಇನ್ನೊಂದು ಸೂಕ್ಷ್ಮ: 0.5, 1, 2 ಇವನ್ನು ಸಮ ಅಂತರದಲ್ಲಿ ಇಟ್ಟರೆ ಅದು ದುಪ್ಪಟ್ಟಾಗುತ್ತ ಹೋಗುವ ಅಳತೆಗೋಲು. ನಿಜವಾದ ಮಿಲಿಗ್ರಾಂ ಅಂತರದಲ್ಲಿ ಇಟ್ಟರೆ ಕೊನೆಯ ತುಂಡು ಉದ್ದವಾಗಿ, ಏರು ಇನ್ನಷ್ಟು ಮಟ್ಟಸವಾಗಿ ಕಾಣುತ್ತದೆ. ಗೆರೆಯ ಬಾಗನ್ನು ಮಾತಿನಲ್ಲಿ ವರ್ಣಿಸುವ ಮೊದಲು ಅಕ್ಷ ಯಾವುದೆಂದು ಹೇಳಿಬಿಡಬೇಕು.

ಗೆರೆಗಳು ಸಮಾನಾಂತರವಾಗಿಲ್ಲ ಎಂಬುದೂ ಕೆಲವೊಮ್ಮೆ ಅಳತೆಗೋಲಿನ ಆಟ. ಉದ್ದದ ಬದಲು ಉದ್ದದ ಲಾಗರಿದಮ್ ತೆಗೆದುಕೊಂಡರೆ ಎಷ್ಟೋ ಇಂಟರಾಕ್ಷನ್‌ಗಳು ಕರಗಿಹೋಗುತ್ತವೆ. ಇಲ್ಲಿ ಹಾಗಾಗುವುದಿಲ್ಲ. ಅನುಪಾತದಲ್ಲಿ ನೋಡಿದರೆ ಕಿತ್ತಳೆ ಆಮ್ಲದ 1.66 ಪಟ್ಟು, 1.35 ಪಟ್ಟು, ಕೊನೆಗೆ ಸರಿಸಮ. ಎರಡು ಗೆರೆಗಳು ಒಂದು ಕಡೆ ಮುಟ್ಟಿ ಬೇರೆ ಕಡೆ ದೂರ ಇದ್ದರೆ, ಕ್ರಮ ಕೆಡಿಸದ ಯಾವ ಅಳತೆಗೋಲೂ ಅವನ್ನು ಸಮಾನಾಂತರ ಮಾಡಲಾರದು. ಗೆರೆಗಳು ನಿಜಕ್ಕೂ ಅಲ್ಲಿ ಮುಟ್ಟುತ್ತವೆಯೇ ಎಂಬುದಷ್ಟೇ ಪ್ರಶ್ನೆ.

ಅದಕ್ಕೆ ಉತ್ತರ ಹುಡುಕುವುದು ಪ್ರತಿ ಪ್ರಮಾಣದಲ್ಲೂ ಕಿತ್ತಳೆ ಮತ್ತು ಆಮ್ಲವನ್ನು ಹೋಲಿಸಿ. ಈ ಮೂರು ಹೋಲಿಕೆಗಳನ್ನು ದತ್ತಾಂಶ ನೋಡುವ ಮುಂಚೆಯೇ ಗೊತ್ತುಮಾಡಿಕೊಂಡಿರಬೇಕು. ಕೊನೆಯ ಸಾಲಿನ 13.2 ಆರೂ ಗುಂಪುಗಳ ಒಳಗಿನ ಏರುಪೇರಿನಿಂದ ಬಂದದ್ದು. ಅದನ್ನು ಬಳಸಿದರೆ ಯಾವ ವ್ಯತ್ಯಾಸಕ್ಕಾದರೂ ಹಿಂದೆ ಮುಂದೆ 3.26ರ ಮಿತಿ ಬರುತ್ತದೆ. ಅರ್ಧ ಮಿಲಿಗ್ರಾಂನಲ್ಲಿ ವ್ಯತ್ಯಾಸ 1.99ರಿಂದ 8.51, ಒಂದರಲ್ಲಿ 2.67ರಿಂದ 9.19. ಎರಡರಲ್ಲಿ −3.34ರಿಂದ 3.18. ಮೂರನೆಯದನ್ನು ನಾನು "ವ್ಯತ್ಯಾಸವಿಲ್ಲ" ಎಂದು ಬರೆಯಲು ಬಿಡುವುದಿಲ್ಲ. ಮೂರು ಅಂಶ ಆ ಕಡೆ ಇದ್ದರೂ ಈ ಕಡೆ ಇದ್ದರೂ ಈ ದತ್ತಾಂಶ ಬೇಡ ಅನ್ನುವುದಿಲ್ಲ. "ವ್ಯತ್ಯಾಸ ಕಂಡುಬಂದಿಲ್ಲ" ಅನ್ನಬಹುದು, ಮಿತಿಯನ್ನು ಪಕ್ಕದಲ್ಲಿ ಕೊಟ್ಟು. ಇನ್ನೊಂದು ಮಾತು: ಗುಂಪುಗಳ ಮಾನಕ ವಿಚಲನೆ 2.5ರಿಂದ 4.8ರವರೆಗೆ ಇದೆ. ಎಲ್ಲ ಗುಂಪೂ ಸಮ ಗಾತ್ರದವು ಆದ್ದರಿಂದ ಅನೋವಾ ಇದನ್ನು ತಾಳಿಕೊಳ್ಳುತ್ತದೆ. ಗಾತ್ರ ಏರುಪೇರಾಗಿದ್ದರೆ ಇಷ್ಟು ನಿಶ್ಚಿಂತೆ ಸಲ್ಲದು. ಆಗ ಮುಖ್ಯ ಪರಿಣಾಮಗಳ ಸಂಖ್ಯೆಗಳೇ ಸೂತ್ರದಲ್ಲಿ ಯಾವುದನ್ನು ಮೊದಲು ಬರೆದೆವು ಎಂಬುದರ ಮೇಲೆ ಬದಲಾಗುತ್ತವೆ.

ಕೊನೆಗೆ ಆ ವಿದ್ಯಾರ್ಥಿನಿ ಬರೆದ ಪ್ಯಾರಾ ಹೀಗಿತ್ತು: "ವಿಟಮಿನ್ ಸಿ ಕೊಟ್ಟ ಬಗೆ ಮತ್ತು ಪ್ರಮಾಣಗಳ ನಡುವೆ ಇಂಟರಾಕ್ಷನ್ ಕಂಡುಬಂತು, F(2, 54) = 4.11, p = 0.022, ಭಾಗಶಃ ಈಟಾ ವರ್ಗ 0.13 (ಚಿತ್ರ 1). ಕಿತ್ತಳೆ ರಸ ಪಡೆದ ಪ್ರಾಣಿಗಳಲ್ಲಿ ಉದ್ದ 0.5 ಮಿ.ಗ್ರಾಂ.ನಲ್ಲಿ 5.25ರಷ್ಟು, 1 ಮಿ.ಗ್ರಾಂ.ನಲ್ಲಿ 5.93ರಷ್ಟು ಹೆಚ್ಚಿತ್ತು (ಮೂರು ಹೋಲಿಕೆಗೆ ಬಾನ್‌ಫೆರೋನಿ ತಿದ್ದುಪಡಿಯ ನಂತರ p = 0.006 ಮತ್ತು 0.002). 2 ಮಿ.ಗ್ರಾಂ.ನಲ್ಲಿ ವ್ಯತ್ಯಾಸ ಕಂಡುಬರಲಿಲ್ಲ (−0.08, ಶೇ. 95 ಮಿತಿ −3.34ರಿಂದ 3.18)." ಮುಖ್ಯ ಪರಿಣಾಮಗಳು ಇದರ ನಂತರ ಬಂದವು. ಬಗೆಯದ್ದು F(1, 54) = 15.57, "ಇದು ಮೂರು ಪ್ರಮಾಣಗಳ ಸರಾಸರಿ, ಮೇಲಿನ ಹೋಲಿಕೆಗಳೊಂದಿಗೆ ಓದಬೇಕು" ಎಂಬ ಮಾತಿನ ಜೊತೆ.

ಪ್ರಮಾಣದ ಮುಖ್ಯ ಪರಿಣಾಮದ ಬಗ್ಗೆ ನಾವಿಬ್ಬರೂ ಬಹಳ ಹೊತ್ತು ಕೂತೆವು. ಇಂಟರಾಕ್ಷನ್ ಇದ್ದರೆ ಮುಖ್ಯ ಪರಿಣಾಮವನ್ನು ಮುಟ್ಟಲೇಬಾರದು ಎಂದು ಕೆಲವರು ಕಲಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಇಲ್ಲಿ ಎರಡೂ ಗೆರೆಗಳು ಏರುತ್ತಲೇ ಇವೆ. ಅರ್ಧ ಮಿಲಿಗ್ರಾಂಗಿಂತ ಎರಡರಲ್ಲಿ ಉದ್ದ ಹೆಚ್ಚು ಎಂಬುದು ರಸಕ್ಕೂ ಆಮ್ಲಕ್ಕೂ ನಿಜ, ಅನುಮಾನವೇ ಬೇಡ. ಅನುಮಾನ ಇರುವುದು ಕಿತ್ತಳೆಯ ಕೊನೆಯ ಮೆಟ್ಟಿಲಿನಲ್ಲಿ, 22.70ರಿಂದ 26.06ಕ್ಕೆ. ಅದೊಂದನ್ನೇ ನೋಡಿದರೆ 3.36ರ ಏರಿಕೆಗೆ 0.10ರಿಂದ 6.62ರ ಮಿತಿ, ಸೊನ್ನೆಯಿಂದ ಕೂದಲೆಳೆಯಷ್ಟು ದೂರ. ಆರೂ ಗುಂಪುಗಳ ಎಲ್ಲ ಜೋಡಿಗಳನ್ನು ಟೂಕಿ ವಿಧಾನದಲ್ಲಿ ಹೋಲಿಸಿದರೆ ಅದೇ ಏರಿಕೆಗೆ ಪಿ ಮೌಲ್ಯ 0.32. ಒಂದು ಮಿಲಿಗ್ರಾಂ ದಾಟಿದ ಮೇಲೆ ಕಿತ್ತಳೆ ರಸದ ಪರಿಣಾಮ ತನ್ನ ಮೇಲ್ಮಿತಿ ಮುಟ್ಟಿತೇ ಅಥವಾ ನಿಧಾನವಾಗಿ ಇನ್ನೂ ಏರುತ್ತಿದೆಯೇ ಎಂಬುದನ್ನು ಮೂರು ಪ್ರಮಾಣಗಳ ಈ ಪ್ರಯೋಗ ಬಿಡಿಸಿ ಹೇಳಲಾರದು. ಅದಕ್ಕೆ ಒಂದೂವರೆ ಮಿಲಿಗ್ರಾಂನಲ್ಲೊಂದು, ಎರಡರಿಂದ ಆಚೆಗೊಂದು ಗುಂಪು ಬೇಕಿತ್ತು. ಅವಳು ಅದನ್ನೇ ಚರ್ಚೆಯ ಭಾಗದ ಮೊದಲ ವಾಕ್ಯವಾಗಿ ಬರೆದಳು.